ಆ ಹತ್ತು ನಿಮಿಷದಲ್ಲಿ ಡಾಕ್ಟರ್ ಏನು ಮಾಡುತ್ತಿದ್ದ?

ರಾತ್ರಿ 8.40ಕ್ಕೆ ಬಟ್ಲರ್ ಪಾರ್ಕರ್ ಅಂಚೆ ತಂದು ಯಜಮಾನನಿಗೆ ಕೊಡುತ್ತಾನೆ. ಅದರಲ್ಲಿ ನೀಲಿ ಲಕೋಟೆಯ ಕಾಗದವೊಂದಿದೆ. ಹಿಂದಿನ ರಾತ್ರಿ ಸತ್ತ ಮಿಸೆಸ್ ಫೆರಾರ್ಸ್ ಸಾಯುವ ಮೊದಲು ಬರೆದು ಅಂಚೆಗೆ ಹಾಕಿದ ಕಾಗದ ಅದು. ಯಾರೋ ಒಬ್ಬ ಅವಳ ಗುಟ್ಟು ತಿಳಿದುಕೊಂಡು ವರ್ಷದಿಂದ ಹೆದರಿಸಿ ಹಣ ಕೀಳುತ್ತಿದ್ದ. ಅವನ ಹೆಸರು ಕಾಗದದಲ್ಲಿದೆ. ಯಜಮಾನ ರೋಜರ್ ಆಕ್ರಾಯ್ಡ್ ಅದನ್ನು ಎದುರಿಗೆ ಕೂತ ಗೆಳೆಯ ಡಾ. ಶೆಪರ್ಡ್‌ಗೆ ಕೇಳುವಂತೆ ಓದಲು ಶುರುಮಾಡಿ, ಅರ್ಧಕ್ಕೇ ನಿಲ್ಲಿಸುತ್ತಾನೆ. ಉಳಿದದ್ದನ್ನು ಆಮೇಲೆ ಒಬ್ಬನೇ ಓದಿಕೊಳ್ಳುತ್ತೇನೆ ಎನ್ನುತ್ತಾನೆ. ಹೆಸರನ್ನಾದರೂ ಓದು ಎಂದು ಡಾಕ್ಟರ್ ಒತ್ತಾಯಿಸುತ್ತಾನೆ. ಆಕ್ರಾಯ್ಡ್ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. 8.50ಕ್ಕೆ ಡಾಕ್ಟರ್ ಹೊರಡುತ್ತಾನೆ. ಕಾಗದ ಆಗಲೂ ಓದಿರದ ಸ್ಥಿತಿಯಲ್ಲೇ ಇದೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಹಿಂದಿರುಗಿ ನೋಡುತ್ತಾನೆ. ಮಾಡಬೇಕಾದದ್ದು ಏನಾದರೂ ಬಿಟ್ಟುಹೋಯಿತೇ ಎಂದು ಅರೆಗಳಿಗೆ ಯೋಚಿಸಿ, ಏನೂ ತೋಚದೆ ಹೊರಬೀಳುತ್ತಾನೆ.

ಇಷ್ಟನ್ನೂ ನಮಗೆ ಹೇಳುತ್ತಿರುವವನು ಸ್ವತಃ ಡಾ. ಶೆಪರ್ಡ್. ಮೊದಲ ಸಲ ಓದುವವರಿಗೆ ಬಾಗಿಲ ಬಳಿಯ ಆ ತಡವರಿಕೆಯಲ್ಲಿ ಕಾಣುವುದು ಗೆಳೆಯನ ಕಾಳಜಿ. ಮನಸ್ಸು ಕೆಟ್ಟು ಕೂತವನನ್ನು ಒಂಟಿಯಾಗಿ ಬಿಟ್ಟುಹೋಗಲು ಡಾಕ್ಟರನಿಗೆ ಮನಸ್ಸು ಬರುತ್ತಿಲ್ಲ ಅಂದುಕೊಳ್ಳುತ್ತೇವೆ. ಪುಸ್ತಕದ ಕೊನೆಗೆ ಬಂದಾಗ ತಿಳಿಯುವುದೇ ಬೇರೆ. ಹಣ ಕೀಳುತ್ತಿದ್ದವನು ಇದೇ ಡಾಕ್ಟರ್. 8.40ಕ್ಕೂ 8.50ಕ್ಕೂ ನಡುವೆ ಆತ ಆಕ್ರಾಯ್ಡ್‌ನ ಕುತ್ತಿಗೆಗೆ ಚೂರಿ ಹಾಕಿದ್ದಾನೆ. ಹಿಂದಿರುಗಿ ನೋಡಿದ್ದು ಕುರ್ಚಿಯಲ್ಲಿದ್ದ ಹೆಣವನ್ನು. ಬಿಟ್ಟುಹೋಯಿತೇ ಎಂದು ಯೋಚಿಸಿದ್ದು ಸಾಕ್ಷ್ಯದ ಬಗ್ಗೆ.

ಇದು ಅಗಾಥಾ ಕ್ರಿಸ್ಟಿ 1926ರಲ್ಲಿ ಪ್ರಕಟಿಸಿದ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿ. ಕೊಲೆಗಾರ ಯಾರೆಂಬ ಗುಟ್ಟನ್ನು ಇಲ್ಲಿ ಬಿಟ್ಟುಕೊಟ್ಟಾಯಿತು. ಅದನ್ನು ಮುಚ್ಚಿಟ್ಟು ಈ ವಿಷಯ ಮಾತಾಡಲು ಬರುವುದಿಲ್ಲ. ನಿರೂಪಕನೇ ನಂಬಿಕೆಗೆ ಅರ್ಹನಲ್ಲ ಎಂದು ಕೊನೆಯಲ್ಲಿ ಗೊತ್ತಾದ ಕೂಡಲೇ ಓದುಗರ ಕೈ ತಾನಾಗಿ ಹಿಂದಿನ ಪುಟಗಳತ್ತ ಹೋಗುತ್ತದೆ. ಬೇರೆ ಪತ್ತೇದಾರಿ ಕಾದಂಬರಿಗಳಲ್ಲಿ ಹೀಗಾಗುವುದು ಕಡಿಮೆ. ಅಡುಗೆಯವನೋ ಸೋದರಳಿಯನೋ ಕೊಲೆಗಾರ ಎಂದು ತಿಳಿದರೆ ಅವನು ಬರುವ ನಾಲ್ಕಾರು ಸನ್ನಿವೇಶಗಳನ್ನು ಮನಸ್ಸಿನಲ್ಲೇ ತಿದ್ದಿಕೊಂಡರೆ ಸಾಕು. ನಿರೂಪಕನೇ ಕೊಲೆಗಾರನಾದರೆ ತಿದ್ದುಪಡಿ ಅಲ್ಲಿಗೆ ನಿಲ್ಲುವುದಿಲ್ಲ. ಉಳಿದ ಎಲ್ಲರನ್ನೂ, ಪ್ರತಿ ಕೋಣೆಯನ್ನೂ, ಪ್ರತಿ ಗಡಿಯಾರವನ್ನೂ ನಾವು ನೋಡಿದ್ದು ಅವನ ಕಣ್ಣಿನಿಂದ. ಹಾಗಾಗಿ ಕೊನೆಯ ಅಧ್ಯಾಯ ಕಥೆಗೆ ಒಂದು ಹೊಸ ಸಂಗತಿ ಸೇರಿಸಿ ಸುಮ್ಮನಾಗುವುದಿಲ್ಲ. ಹಿಂದಿನ ಪ್ರತಿ ವಾಕ್ಯವನ್ನು ನಾವು ಯಾರ ಭರವಸೆಯ ಮೇಲೆ ಒಪ್ಪಿಕೊಂಡಿದ್ದೆವೋ ಆ ಭರವಸೆಯನ್ನೇ ಕಿತ್ತುಕೊಳ್ಳುತ್ತದೆ.

ಖಾಲಿ ಇದ್ದ ಜಾಗ

ಡಾಕ್ಟರನನ್ನು ಓದುಗರು ನಂಬಿದ್ದೇಕೆ? ಆತ ಅಂಥ ಸಭ್ಯನೆಂದು ಪುಸ್ತಕ ಎಲ್ಲೂ ಸಾಧಿಸಿ ತೋರಿಸುವುದಿಲ್ಲ. ನಂಬಿಕೆ ಬಂದದ್ದು ಆತ ಕೂತ ಜಾಗದಿಂದ.

ಶೆರ್ಲಾಕ್ ಹೋಮ್ಸ್‌ಗೆ ಡಾ. ವಾಟ್ಸನ್ ಇದ್ದ ಹಾಗೆ ಕ್ರಿಸ್ಟಿಯವರ ಪತ್ತೇದಾರ ಹರ್ಕ್ಯೂಲ್ ಪೊವಾರೊಗೆ ಕ್ಯಾಪ್ಟನ್ ಹೇಸ್ಟಿಂಗ್ಸ್ ಇದ್ದ. ಜೊತೆಗಾರ, ಪ್ರಾಮಾಣಿಕ, ಬುದ್ಧಿಯಲ್ಲಿ ಒಂದು ಹೆಜ್ಜೆ ಹಿಂದೆ. ಕಂಡದ್ದನ್ನು ಕಂಡಂತೆ ಬರೆದಿಡುವುದು ಅವನ ಕೆಲಸ. ಈ ಕಾದಂಬರಿ ಬರುವ ಹೊತ್ತಿಗೆ ಕ್ರಿಸ್ಟಿ ಹೇಸ್ಟಿಂಗ್ಸ್‌ಗೆ ಮದುವೆ ಮಾಡಿ ಅರ್ಜೆಂಟೀನಾಗೆ ಕಳಿಸಿಬಿಟ್ಟಿದ್ದರು. ಪೊವಾರೊ ನಿವೃತ್ತನಾಗಿ ಕಿಂಗ್ಸ್ ಆಬಟ್ ಎಂಬ ಹಳ್ಳಿಗೆ ಬಂದು, ಕುಂಬಳದ ಜಾತಿಯ ತರಕಾರಿ ಬೆಳೆಯುತ್ತ, ದೂರವಾದ ಗೆಳೆಯನನ್ನು ನೆನೆಯುತ್ತಿದ್ದಾನೆ. ಪಕ್ಕದ ಮನೆಯಲ್ಲೇ ಒಬ್ಬ ಡಾಕ್ಟರ್. ಮಧ್ಯವಯಸ್ಸು, ಮಿತ ಮಾತು, ಸಣ್ಣ ವ್ಯಂಗ್ಯ. ತನಿಖೆಗೆ ಹೋಗುವಾಗ ಪೊವಾರೊ ಅವನನ್ನು ಜೊತೆಗೆ ಕರೆದುಕೊಳ್ಳುತ್ತಾನೆ. ಹೇಸ್ಟಿಂಗ್ಸ್‌ನ ಕುರ್ಚಿಯಲ್ಲಿ ಕೂತವನಿಗೆ ಹೇಸ್ಟಿಂಗ್ಸ್‌ನ ಪ್ರಾಮಾಣಿಕತೆಯನ್ನೂ ಓದುಗರು ಕೇಳದೆಯೇ ಕೊಟ್ಟುಬಿಡುತ್ತಾರೆ. ಆತ ಅದನ್ನು ಗಳಿಸಲೂ ಇಲ್ಲ, ಬೇಡಲೂ ಇಲ್ಲ.

ಇದಕ್ಕೊಂದು ಸೂಕ್ಷ್ಮವಾದ ಉದಾಹರಣೆ ಪುಸ್ತಕದ ನಡುವೆ ಇದೆ. ಪೊವಾರೊ ಮನೆಯವರನ್ನೆಲ್ಲ ಮೇಜಿನ ಸುತ್ತ ಕೂರಿಸಿ, ಈ ಕೋಣೆಯಲ್ಲಿರುವ ಪ್ರತಿಯೊಬ್ಬರೂ ನನ್ನಿಂದ ಏನನ್ನೋ ಬಚ್ಚಿಡುತ್ತಿದ್ದೀರಿ ಎನ್ನುತ್ತಾನೆ. ಎಲ್ಲರೂ ಕಣ್ಣು ತಗ್ಗಿಸುತ್ತಾರೆ. ತನ್ನ ಕಣ್ಣೂ ತಗ್ಗಿತು ಎಂದು ಶೆಪರ್ಡ್ ತಾನೇ ಬರೆಯುತ್ತಾನೆ. ಇದಕ್ಕಿಂತ ನೇರವಾದ ಒಪ್ಪಿಗೆ ಇನ್ನೇನು ಬೇಕು? ಆದರೂ ನಾವು ಅದನ್ನು ದಾಟಿಕೊಂಡು ಹೋಗುತ್ತೇವೆ. ಸ್ವಲ್ಪ ದೂರ ಹೋದ ಮೇಲೆ ಕ್ರಿಸ್ಟಿ ಅದಕ್ಕೊಂದು ಸಮಾಧಾನವನ್ನೂ ಕೊಡುತ್ತಾರೆ. ಪೊಲೀಸರು ಅನುಮಾನಿಸುತ್ತಿರುವ ತರುಣ, ಆಕ್ರಾಯ್ಡ್‌ನ ಮಲಮಗ ರಾಲ್ಫ್ ಪೇಟನ್‌ನನ್ನು ಡಾಕ್ಟರ್ ಒಂದು ನರ್ಸಿಂಗ್ ಹೋಮಿನಲ್ಲಿ ಅಡಗಿಸಿಟ್ಟಿದ್ದ ಎಂದು ಪೊವಾರೊ ಬಯಲು ಮಾಡುತ್ತಾನೆ. ಓಹೋ, ಬಚ್ಚಿಟ್ಟದ್ದು ಇದೇ ಎಂದು ಲೆಕ್ಕ ಮುಗಿಸುತ್ತೇವೆ. ಚಿಕ್ಕ ಗುಟ್ಟು ರಟ್ಟಾದ ಕಾರಣ ದೊಡ್ಡ ಗುಟ್ಟು ಇನ್ನೂ ಸ್ವಲ್ಪ ಹೊತ್ತು ಸುರಕ್ಷಿತವಾಗಿ ಉಳಿಯುತ್ತದೆ. ಹುಡುಗನನ್ನು ಕಾಪಾಡಲು ಅಡಗಿಸಿದ ಎಂದು ಡಾಕ್ಟರನ ಮೇಲೆ ಗೌರವ ಕೂಡ ಹೆಚ್ಚುತ್ತದೆ. ಎರಡನೆಯ ಓದಿನಲ್ಲಿ ಗೊತ್ತಾಗುತ್ತದೆ: ಅನುಮಾನ ಅವನ ಮೇಲೇ ಉಳಿಯಬೇಕಾದರೆ ರಾಲ್ಫ್ ಕಣ್ಮರೆಯಾಗಿರಬೇಕಿತ್ತು.

ಗಡಿಯಾರ ಸುಳ್ಳು ಹೇಳಿಲ್ಲ

ಹಿಂದಿನ ಅಧ್ಯಾಯಗಳಿಗೆ ಮರಳಿದಾಗ ಮೊದಲು ಪರೀಕ್ಷಿಸಬೇಕಾದದ್ದು ಹೊತ್ತಿನ ಲೆಕ್ಕ. ಶೆಪರ್ಡ್ ಎಲ್ಲೂ ತಪ್ಪು ಸಮಯ ಕೊಟ್ಟಿಲ್ಲ ಎಂಬುದು ಆಗ ಕಾಣುತ್ತದೆ, ಮತ್ತು ಬೆಚ್ಚಿಸುತ್ತದೆ.

ಕಾಗದ ಬಂದದ್ದು 8.40ಕ್ಕೆ, ಆತ ಕೋಣೆ ಬಿಟ್ಟದ್ದು 8.50ಕ್ಕೆ. ಎರಡೂ ಅಂಕಿಗಳು ಒಂದೇ ಕಡೆ, ಪಕ್ಕಪಕ್ಕದಲ್ಲೇ ಇವೆ. ಅವುಗಳ ನಡುವೆ ಹತ್ತು ನಿಮಿಷಗಳಿವೆ, ಆ ಹತ್ತು ನಿಮಿಷಕ್ಕೆ ತಕ್ಕ ಮಾತುಕತೆ ಇಲ್ಲ. ಮೊದಲ ಓದಿನಲ್ಲಿ ಈ ಕೊರತೆ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ನಮ್ಮ ಓದುವ ರೂಢಿ. ಕಥೆಗಾರ ಬೇಡದ್ದನ್ನು ಬಿಟ್ಟು ಬೇಕಾದದ್ದನ್ನಷ್ಟೇ ಹೇಳುತ್ತಾನೆ ಎಂದು ನಾವು ನಂಬಿರುತ್ತೇವೆ. ಯಾವ ಕಥೆಯಲ್ಲೂ ಪ್ರತಿ ನಿಮಿಷದ ವರದಿ ಇರುವುದಿಲ್ಲ. ಹೇಳದೆ ಬಿಟ್ಟದ್ದೆಲ್ಲ ಅಮುಖ್ಯ ಎಂಬ ಈ ಒಪ್ಪಂದವನ್ನೇ ಶೆಪರ್ಡ್ ಬಳಸಿಕೊಂಡಿದ್ದಾನೆ. ಆತ ಬಿಟ್ಟದ್ದು ಇಡೀ ಕಥೆಯಲ್ಲಿ ಅತ್ಯಂತ ಮುಖ್ಯವಾದದ್ದನ್ನು.

ಎರಡನೆಯ ಕೊರತೆ ದಾರಿಯಲ್ಲಿದೆ. ಮನೆಯಿಂದ ಹೊರಟ ಡಾಕ್ಟರ್ ತೋಟದ ಗೇಟು ತಲುಪುವಾಗ ಹಳ್ಳಿಯ ಚರ್ಚಿನ ಗಂಟೆ ಒಂಬತ್ತು ಹೊಡೆಯುತ್ತದೆ. ಇದನ್ನೂ ಆತನೇ ಹೇಳುತ್ತಾನೆ. ಆದರೆ ಮನೆಯಿಂದ ಗೇಟಿಗೆ ಐದೇ ನಿಮಿಷದ ನಡಿಗೆ. ಪೊವಾರೊನ ಅನುಮಾನಕ್ಕೆ ಬೇರು ಸಿಕ್ಕಿದ್ದು ಇಲ್ಲಿ. ಚಳಿಯ ರಾತ್ರಿಯಲ್ಲಿ ಮನೆಗೆ ಹೊರಟವನು ಐದು ನಿಮಿಷದ ದಾರಿಗೆ ಹತ್ತು ನಿಮಿಷ ತೆಗೆದುಕೊಂಡದ್ದೇಕೆ? ಉಳಿದ ಐದು ನಿಮಿಷದಲ್ಲಿ ಆತ ತೋಟದ ಬೇಸಿಗೆ ಮನೆಗೆ ಓಡಿ, ರಾಲ್ಫ್‌ನ ಬೂಟು ಹಾಕಿಕೊಂಡು ಕೆಸರಿನಲ್ಲಿ ನಡೆದು, ಕಿಟಕಿಯ ದಂಡೆಯ ಮೇಲೆ ಆ ಬೂಟಿನ ಗುರುತು ಮೂಡಿಸಿ ಒಳಗಿಳಿದಿದ್ದಾನೆ. ಕೋಣೆಯ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಬಂದ ದಾರಿಯಲ್ಲೇ ಹಿಂದಿರುಗಿದ್ದಾನೆ.

ಮೂರನೆಯ ಸಮಯ 9.30. ಆಗ ಬೀಗ ಹಾಕಿದ ಬಾಗಿಲ ಆಚೆಯಿಂದ ಆಕ್ರಾಯ್ಡ್‌ನ ದನಿ ಕೇಳಿದ್ದಾಗಿ ಅವನ ಕಾರ್ಯದರ್ಶಿ ರೇಮಂಡ್ ಹೇಳುತ್ತಾನೆ. ಅದು ಸುಳ್ಳಲ್ಲ, ಕೇಳಿದ್ದು ನಿಜ. ಆದರೆ ಮಾತಾಡಿದ್ದು ಡಿಕ್ಟಫೋನ್, ಅಂದರೆ ಹೇಳಿದ್ದನ್ನು ಮುದ್ರಿಸಿಕೊಂಡು ಮತ್ತೆ ನುಡಿಸುವ ಆ ಕಾಲದ ಕಚೇರಿಯ ಯಂತ್ರ. ಗೊತ್ತಾದ ಹೊತ್ತಿಗೆ ಅದು ತಾನೇ ಶುರುವಾಗುವಂತೆ ಡಾಕ್ಟರ್ ಹೊಂದಿಸಿಟ್ಟಿದ್ದ. ಅಂಥ ಕೈಕೆಲಸ ಅವನಿಗೆ ಬರುತ್ತದೆಂದು ನಮಗೆ ಮೊದಲೇ ತಿಳಿಸಲಾಗಿತ್ತೇ? ತಿಳಿಸಲಾಗಿತ್ತು. ಮನೆಯಲ್ಲಿ ತನಗೊಂದು ಪುಟ್ಟ ಕಾರ್ಯಾಗಾರ ಇದೆಯೆಂದೂ, ಗುಡಿಸಲು ಸಹ ಅಲ್ಲಿಗೆ ಯಾರೂ ಬರುವಂತಿಲ್ಲವೆಂದೂ ಹೇಳಿ, ಸರಿಯಾಗಿ ನಡೆಯದ ಅಲಾರಂ ಗಡಿಯಾರವೊಂದರ ಹೊಟ್ಟೆ ಬಿಚ್ಚಿಕೊಂಡು ಕೂತ ದೃಶ್ಯವನ್ನು ಆತನೇ ವರ್ಣಿಸಿದ್ದಾನೆ. ಮೊದಲ ಓದಿನಲ್ಲಿ ಅದು ಹಳ್ಳಿಯ ಡಾಕ್ಟರನ ಹವ್ಯಾಸ. ಎರಡನೆಯದರಲ್ಲಿ ಕೊಲೆಯ ಸಲಕರಣೆ.

ಉದ್ಧರಣ ಚಿಹ್ನೆಯ ಒಳಗೆ, ಹೊರಗೆ

ಎರಡನೆಯ ಓದಿಗೆ ಸುಲಭವಾದ ಒಂದು ಸಾಧನವಿದೆ. ಶೆಪರ್ಡ್ ಬೇರೆಯವರಿಗೆ ಬಾಯಲ್ಲಿ ಹೇಳಿದ ಮಾತು ಒಂದು ಕಡೆ, ಅಂದರೆ ಉದ್ಧರಣ ಚಿಹ್ನೆಯ ಒಳಗಿರುವುದು. ಓದುಗರಿಗೆ ಬರೆದು ತಿಳಿಸಿದ್ದು ಇನ್ನೊಂದು ಕಡೆ. ಇವೆರಡನ್ನು ಬೇರೆ ಮಾಡಿ ನೋಡಿದರೆ ಕ್ರಿಸ್ಟಿಯವರ ಕಸುಬುಗಾರಿಕೆ ಬಿಚ್ಚಿಕೊಳ್ಳುತ್ತದೆ.

ಕೊಲೆಯ ರಾತ್ರಿ 10.15ರ ಸುಮಾರಿಗೆ ಡಾಕ್ಟರನ ಮನೆಯ ಫೋನ್ ಬಾರಿಸುತ್ತದೆ. ಆತ ಓಡಿಹೋಗಿ ಎತ್ತಿಕೊಂಡು, ಬೆರಗಾದವನಂತೆ ಎರಡು ಮಾತಾಡಿ, ಈಗಲೇ ಬರುತ್ತೇನೆ ಎನ್ನುತ್ತಾನೆ. ಆಮೇಲೆ ತಂಗಿಯ ಹಾಗಲ್ಲದ, ತನಗಿಂತ ಹಿರಿಯಳಾದ ಅಕ್ಕ ಕ್ಯಾರೊಲಿನ್‌ಗೆ ಹೇಳುತ್ತಾನೆ: ಫೋನ್ ಮಾಡಿದ್ದು ಪಾರ್ಕರ್, ಆಕ್ರಾಯ್ಡ್‌ನ ಕೊಲೆಯಾಗಿದೆಯಂತೆ. ತಾನು ಫೋನ್ ಮಾಡಲೇ ಇಲ್ಲ ಎಂದು ಪಾರ್ಕರ್ ಆಮೇಲೆ ಹೇಳಿದಾಗ ಓದುಗರು ಪಾರ್ಕರ್‌ನನ್ನೋ, ಅವನ ಹೆಸರಿನಲ್ಲಿ ಮಾತಾಡಿದ ಅಪರಿಚಿತನನ್ನೋ ಅನುಮಾನಿಸುತ್ತಾರೆ. ಹಿಂದಕ್ಕೆ ಹೋಗಿ ನೋಡಿ: ಫೋನಿನ ಆ ತುದಿಯಲ್ಲಿ ಯಾರಿದ್ದರು, ಏನು ಹೇಳಿದರು ಎಂದು ಶೆಪರ್ಡ್ ನಮಗೆ ಹೇಳಿಯೇ ಇಲ್ಲ. ಹೇಳಿದ್ದು ಅಕ್ಕನಿಗೆ. ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಂಡು ಅದನ್ನೇ ನಿಜವೆಂದು ಬರೆದುಕೊಂಡೆವು. ಮಾತಾಡಿದ್ದು ಹಡಗಿನಲ್ಲಿ ಕೆಲಸ ಮಾಡುವ ಅವನ ರೋಗಿಯೊಬ್ಬ. ಲಿವರ್‌ಪೂಲ್ ರೈಲು ಹತ್ತುವ ಮೊದಲು ಸ್ಟೇಷನ್ನಿನಿಂದ ಒಂದು ಫೋನ್ ಮಾಡು ಎಂದು ಡಾಕ್ಟರನೇ ಅವನಿಗೆ ಹೇಳಿಟ್ಟಿದ್ದ. ಹೆಣ ಪತ್ತೆಯಾಗುವಾಗ ತಾನು ಆ ಮನೆಯಲ್ಲಿ ಇರಲೇಬೇಕಿತ್ತು. ಇಲ್ಲದಿದ್ದರೆ ಡಿಕ್ಟಫೋನ್ ಬೇರೆಯವರ ಕೈಗೆ ಸಿಗುತ್ತಿತ್ತು.

ಕಿಟಕಿಯ ವಿಷಯವೂ ಇದೇ ಬಗೆಯದು. ಯಾರಾದರೂ ಕೇಳಿಸಿಕೊಂಡಾರು ಎಂಬ ಭಯದಲ್ಲಿ ಆಕ್ರಾಯ್ಡ್ ಕಿಟಕಿ ಭದ್ರಮಾಡಲು ಹೇಳುತ್ತಾನೆ. ಡಾಕ್ಟರ್ ಪರದೆಯ ಹಿಂದೆ ಹೋಗಿ ಬರುತ್ತಾನೆ. ಚಿಲಕ ಹಾಕಿದೆಯಾ ಎಂದು ಕೇಳಿದರೆ ಹೌದು ಎನ್ನುತ್ತಾನೆ. ಆ ‘ಹೌದು’ ಆಕ್ರಾಯ್ಡ್‌ಗೆ ಕೊಟ್ಟ ಉತ್ತರ. ಚಿಲಕ ಹಾಕಿದೆ ಎಂಬ ವಾಕ್ಯವನ್ನು ಆತ ನಮಗೆ ಬರೆದಿಲ್ಲ.

ಹೆಣ ಕಂಡ ಮೇಲಿನ ಗಳಿಗೆಯಂತೂ ಇನ್ನೂ ನಾಜೂಕು. ಪೊಲೀಸರಿಗೆ ತಿಳಿಸಲು ಪಾರ್ಕರ್‌ನನ್ನು ಕಳಿಸಿ, ಕೋಣೆಯಲ್ಲಿ ಒಬ್ಬನೇ ಉಳಿದಾಗ, ಮಾಡಬೇಕಿದ್ದ ಅಲ್ಪಸ್ವಲ್ಪವನ್ನು ಮಾಡಿದೆ ಎಂಬರ್ಥದಲ್ಲಿ ಡಾಕ್ಟರ್ ಒಂದು ಸಾಲು ಬರೆಯುತ್ತಾನೆ. ಡಾಕ್ಟರ್ ಹೆಣದ ಬಳಿ ಮಾಡಬೇಕಾದದ್ದು ಏನಿರುತ್ತದೆ? ನಾಡಿ ನೋಡುವುದು, ಮೈ ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡುವುದು. ಹಾಗೆಂದು ನಾವೇ ತುಂಬಿಕೊಳ್ಳುತ್ತೇವೆ. ಆತ ಮಾಡಿದ್ದು ಡಿಕ್ಟಫೋನನ್ನು ತನ್ನ ಕರಿಯ ಬ್ಯಾಗಿಗೆ ತುರುಕಿ, ಅದನ್ನು ಮರೆಮಾಡಲು ಮುಂದಕ್ಕೆ ಎಳೆದಿಟ್ಟಿದ್ದ ದೊಡ್ಡ ಕುರ್ಚಿಯನ್ನು ಗೋಡೆಗೆ ಸರಿಸಿದ್ದು. ವಾಕ್ಯ ಪೂರ್ತಿ ನಿಜ. ಸುಳ್ಳಾದದ್ದು ನಾವು ಅದಕ್ಕೆ ತುಂಬಿದ ಅರ್ಥ.

ಹಿಂದಿನ ಅಧ್ಯಾಯಗಳನ್ನು ಮತ್ತೆ ತೆರೆಯದೆ ವಿಧಿಯಿಲ್ಲ ಎನ್ನುವುದು ಇದಕ್ಕಾಗಿಯೇ. ಓದಿದ ಪುಟದ ಮಾತುಗಳು ನಮ್ಮ ನೆನಪಿನಲ್ಲಿ ಇದ್ದ ಹಾಗೇ ಉಳಿಯುವುದಿಲ್ಲ, ತಾತ್ಪರ್ಯ ಮಾತ್ರ ಉಳಿಯುತ್ತದೆ. ‘ಡಾಕ್ಟರ್ ಹೆಣ ಪರೀಕ್ಷಿಸಿದ’, ‘ಪಾರ್ಕರ್ ಹೆಸರಿನಲ್ಲಿ ಯಾರೋ ಫೋನ್ ಮಾಡಿದರು’, ‘ಕಿಟಕಿಗೆ ಚಿಲಕ ಹಾಕಿತ್ತು’. ಇವು ಮೂರೂ ಪುಸ್ತಕದಲ್ಲಿಲ್ಲ, ನಮ್ಮ ತಲೆಯಲ್ಲಿವೆ. ಕೊನೆಯಲ್ಲಿ ಮೋಸಹೋದೆವು ಅನಿಸಿದಾಗ ನೆನಪಿನಲ್ಲಿರುವುದು ಸಾಕ್ಷಿಗೆ ಬರುವುದಿಲ್ಲ. ನಿಜವಾಗಿ ಏನು ಬರೆದಿತ್ತು ಎಂದು ಅಕ್ಷರ ಅಕ್ಷರವಾಗಿ ನೋಡಲೇಬೇಕಾಗುತ್ತದೆ.

ನಗೆ ಹೋಗಿ ಭಯ

ಬದಲಾಗುವುದು ಸುಳಿವುಗಳಷ್ಟೇ ಆಗಿದ್ದರೆ ಇದು ಜಾಣ ಲೆಕ್ಕವಾಗಿ ಮುಗಿಯುತ್ತಿತ್ತು. ಮನುಷ್ಯರೂ ಬದಲಾಗುತ್ತಾರೆ. ಎಲ್ಲರಿಗಿಂತ ಹೆಚ್ಚಾಗಿ ಕ್ಯಾರೊಲಿನ್.

ಮದುವೆಯಾಗದ ಈ ಅಕ್ಕ ಮನೆಯಿಂದ ಕದಲದೆಯೇ ಊರಿನ ಸುದ್ದಿಯನ್ನೆಲ್ಲ ಕಲೆಹಾಕುವವಳು. ಹಾಲಿನವನು, ಕೆಲಸದ ಹೆಂಗಸರು ಎಲ್ಲರೂ ಅವಳ ವರದಿಗಾರರು. ತಮ್ಮ ಅವಳನ್ನು ಮುಂಗುಸಿಗೆ ಹೋಲಿಸಿ ಗೇಲಿ ಮಾಡುತ್ತಾನೆ. ಮೊದಲ ಅಧ್ಯಾಯದಲ್ಲಿ, ಮಿಸೆಸ್ ಫೆರಾರ್ಸ್ ಸತ್ತ ಬೆಳಿಗ್ಗೆ, ತಿಂಡಿಯ ಮೇಜಿನಲ್ಲಿ ಅಕ್ಕ ತಮ್ಮ ವಾದಿಸುತ್ತಾರೆ. ಅದು ಆತ್ಮಹತ್ಯೆ ಎಂದು ಅಕ್ಕ, ಅಲ್ಲ ಎಂದು ತಮ್ಮ. ಅವಳು ಕಾಗದ ಬರೆದಿಟ್ಟೇ ಸತ್ತಿರುತ್ತಾಳೆ ಎಂದು ಕ್ಯಾರೊಲಿನ್ ಅಂದಾಗ, ಯಾವ ಕಾಗದವನ್ನೂ ಬಿಟ್ಟಿಲ್ಲ ಎಂದು ಡಾಕ್ಟರ್ ತಟ್ಟನೆ ಹೇಳಿಬಿಡುತ್ತಾನೆ. ಹಾಗಾದರೆ ನೀನೂ ಅದನ್ನು ವಿಚಾರಿಸಿದ್ದೀಯ ಎಂದು ಅಕ್ಕ ಅವನನ್ನು ಹಿಡಿದುಹಾಕುತ್ತಾಳೆ.

ಮೊದಲ ಸಲ ಓದುವಾಗ ಇದು ನಗೆಯ ಪ್ರಸಂಗ. ಕುತೂಹಲದ ಅಕ್ಕನ ಮುಂದೆ ವಾದದಲ್ಲಿ ಸೋತ ತಮ್ಮ ಕಾಣುತ್ತಾನೆ. ಎಲ್ಲ ತಿಳಿದ ಮೇಲೆ ಅದೇ ಮೇಜಿನಲ್ಲಿ ಬೇರೆಯೇ ನಡೆಯುತ್ತಿರುತ್ತದೆ. ತಾನು ವರ್ಷವಿಡೀ ಹಿಂಡಿದ ಹೆಂಗಸು ಸತ್ತಿದ್ದಾಳೆ. ತನ್ನ ಹೆಸರು ಬರೆದಿಟ್ಟಿದ್ದಾಳೋ ಎಂದು ಆತ ಆ ಮನೆಯಲ್ಲಿ ಹುಡುಕಿ ಬಂದಿದ್ದಾನೆ. ಮನಸ್ಸಿಗೆ ಕಸಿವಿಸಿಯಾಗಿತ್ತು ಎಂದು ಮೊದಲ ಪುಟದಲ್ಲೇ ಒಪ್ಪಿಕೊಂಡಿದ್ದನ್ನು ನಾವು ರೋಗಿಯನ್ನು ಕಳೆದುಕೊಂಡ ವೈದ್ಯನ ದುಃಖವೆಂದು ತಿಳಿದಿದ್ದೆವು. ಈಗ ಅಕ್ಕನ ಪ್ರತಿ ಊಹೆಯೂ ಗುರಿಯ ಹತ್ತಿರ ಹತ್ತಿರ ಬೀಳುತ್ತಿದೆ. ಅವಳ ಬಾಯಿ ಮುಚ್ಚಿಸಲು ಆತ ಪಡುವ ಪಾಡು ಬೇಸರದಿಂದ ಬಂದದ್ದಲ್ಲ. ಸಾಯುವ ಹಿಂದಿನ ದಿನಗಳಲ್ಲಿ ಮಿಸೆಸ್ ಫೆರಾರ್ಸ್ ರಾಲ್ಫ್‌ನೊಂದಿಗೆ ತಲೆಗೆ ತಲೆ ಹಚ್ಚಿ ಮಾತಾಡುತ್ತ ಹೋಗುತ್ತಿದ್ದುದನ್ನು ನೋಡಿ ಏನೋ ಕೇಡು ಕಾದಿದೆ ಅನಿಸಿತು ಎಂದು ಡಾಕ್ಟರ್ ಬರೆದದ್ದೂ ಹೀಗೆಯೇ ತಿರುಗಿ ನಿಲ್ಲುತ್ತದೆ. ಕೇಡು ಕಾದಿತ್ತು ನಿಜ, ಯಾರಿಗೆ ಎಂಬುದನ್ನು ನಾವು ತಪ್ಪು ತಿಳಿದಿದ್ದೆವು.

ಕಾಗದ ಓದೆಂದು ಆಕ್ರಾಯ್ಡ್‌ನನ್ನು ಒತ್ತಾಯಿಸಿದ್ದೇಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಗುತ್ತದೆ. ಒತ್ತಾಯಿಸಿದಷ್ಟೂ ಮೊಂಡು ಹಿಡಿಯುವವನು ಆಕ್ರಾಯ್ಡ್ ಎಂದು ಡಾಕ್ಟರನಿಗೆ ಗೊತ್ತಿತ್ತು. ಆದರೆ ಅದನ್ನು ಲೆಕ್ಕ ಹಾಕಿಯೇ ಮಾಡಿದೆನೋ, ಒಳಮನಸ್ಸು ಮಾಡಿಸಿತೋ ಎಂಬುದರಲ್ಲಿ ಕೊನೆಗೂ ಅವನಿಗೇ ಖಾತರಿ ಇಲ್ಲ. ಬುದ್ಧಿವಂತ ಕೊಲೆಗಾರನಿಗೂ ತನ್ನ ಮನಸ್ಸಿನ ಪೂರ್ತಿ ಲೆಕ್ಕ ಸಿಕ್ಕಿಲ್ಲ ಎಂಬ ಈ ಒಂದು ಎಳೆಯಿಂದಾಗಿ ಶೆಪರ್ಡ್ ಬರಿಯ ತಂತ್ರವಾಗದೆ ಮನುಷ್ಯನಾಗಿ ಉಳಿಯುತ್ತಾನೆ.

ಇದು ನ್ಯಾಯವೇ?

ಪುಸ್ತಕ ಬಂದಾಗ ಇದು ಮೋಸ ಎಂದು ಸಿಟ್ಟಾದವರಿದ್ದರು. ಪತ್ತೇದಾರಿ ಕಥೆ ಓದುಗರೊಂದಿಗೆ ಆಡುವ ಆಟ, ಅದಕ್ಕೆ ನಿಯಮಗಳಿರಬೇಕು ಎಂದು ನಂಬಿದ್ದ ಕಾಲ ಅದು. 1929ರಲ್ಲಿ ಇಂಗ್ಲೆಂಡಿನ ಪಾದ್ರಿ ಮತ್ತು ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ ಹತ್ತು ಕಟ್ಟಳೆಗಳ ಪಟ್ಟಿ ಮಾಡಿದರು. ಯಾರ ಮನಸ್ಸಿನೊಳಗಿನ ಯೋಚನೆಗಳನ್ನು ಓದುಗರಿಗೆ ತೋರಿಸಲಾಗಿದೆಯೋ ಅವನು ಅಪರಾಧಿಯಾಗಿರಬಾರದು ಎಂಬುದು ಅದರಲ್ಲೊಂದು. ಪತ್ತೇದಾರನ ಜೊತೆಗಾರ ತನಗೆ ಹೊಳೆದದ್ದನ್ನು ಮುಚ್ಚಿಡಬಾರದು ಎಂಬುದು ಇನ್ನೊಂದು. ಶೆಪರ್ಡ್ ಇವೆರಡನ್ನೂ ಮುರಿಯುವವನು. ಲೇಖಕಿ ಡೊರೊಥಿ ಸೇಯರ್ಸ್ ಮಾತ್ರ ಕ್ರಿಸ್ಟಿಯ ಪರ ನಿಂತರು: ಎಲ್ಲರನ್ನೂ ಅನುಮಾನಿಸುವುದು ಓದುಗರ ಕೆಲಸ ಎಂದರು.

ವಾದವನ್ನು ತೀರ್ಮಾನಿಸುವ ದಾರಿ ಎರಡನೆಯ ಓದಿನಲ್ಲೇ ಇದೆ. ಬಾಗಿಲ ಬಳಿಯ ವಾಕ್ಯದ ಬದಲು ‘ಜೀವಂತವಾಗಿದ್ದ ಗೆಳೆಯನಿಗೆ ವಂದಿಸಿ ಹೊರಟೆ’ ಎಂದು ಶೆಪರ್ಡ್ ಬರೆದಿದ್ದರೆ, ಹಿಂದಿರುಗಿ ನೋಡಿದ ಓದುಗರಿಗೆ ಸಿಗುತ್ತಿದ್ದದ್ದು ಒಂದು ಸುಳ್ಳು ಮಾತ್ರ. ಸುಳ್ಳಿನಲ್ಲಿ ಎರಡನೆಯ ಅರ್ಥ ಇರುವುದಿಲ್ಲ, ಅದನ್ನು ಹೊಡೆದುಹಾಕಬಹುದಷ್ಟೇ. ಕ್ರಿಸ್ಟಿ ಬರೆಸಿದ್ದು ಎರಡೂ ಓದಿಗೆ ನಿಲ್ಲುವ ವಾಕ್ಯಗಳನ್ನು. ಕೊನೆಯ ಅಧ್ಯಾಯದಲ್ಲಿ ಶೆಪರ್ಡ್ ತನ್ನ ಬರವಣಿಗೆಯನ್ನು ತಾನೇ ಮೆಚ್ಚಿಕೊಳ್ಳುತ್ತಾನೆ. ಆ ಹತ್ತು ನಿಮಿಷದ ಜಾಗದಲ್ಲಿ ಒಂದು ಸಾಲು ಚುಕ್ಕಿ ಹಾಕಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತೇನೋ ಎಂದು ತಮಾಷೆಯಾಗಿ ಕೇಳಿಕೊಳ್ಳುತ್ತಾನೆ. ಆತ ಬರೆಯಲು ಶುರುಮಾಡಿದ್ದು ಪೊವಾರೊ ಸೋತ ಪ್ರಕರಣದ ದಾಖಲೆ ಎಂದು. ಹಾಗಾಗಿ ಆ ಎಚ್ಚರದ ವಾಕ್ಯಗಳಿಗೆ ಕಥೆಯ ಒಳಗೇ ಕಾರಣವಿದೆ: ಸುಳ್ಳು ಬರೆದ ಎಂಬ ಅಪವಾದವಿಲ್ಲದೆ ಎಲ್ಲರನ್ನೂ ಗೆಲ್ಲಬೇಕೆಂಬ ಹೆಮ್ಮೆ.

ತಪ್ಪೊಪ್ಪಿಗೆಯನ್ನು ನಂಬುವುದು ಹೇಗೆ?

ಇಲ್ಲಿಗೆ ಬಂದಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಅಷ್ಟೂ ಅಧ್ಯಾಯಗಳಲ್ಲಿ ನಂಬಲಾಗದವನು ಕೊನೆಯ ಅಧ್ಯಾಯದಲ್ಲಿ ನಂಬಿಕಸ್ಥನಾದದ್ದು ಹೇಗೆ? ಫ್ರೆಂಚ್ ವಿಮರ್ಶಕ ಪಿಯರ್ ಬಯಾರ್ 1998ರಲ್ಲಿ ಇದನ್ನೇ ಹಿಡಿದು ಒಂದು ಪುಸ್ತಕ ಬರೆದರು. ಪೊವಾರೊ ತಪ್ಪು ಮಾಡಿದ್ದಾನೆ, ಕೊಂದವಳು ಕ್ಯಾರೊಲಿನ್, ತಮ್ಮ ಅವಳನ್ನು ಉಳಿಸಲು ತಪ್ಪೊಪ್ಪಿಕೊಂಡ ಎಂಬುದು ಅವರ ವಾದ. ನಗಬೇಡಿ. ಅನುಮಾನವನ್ನು ಒಮ್ಮೆ ಬಿಚ್ಚಿಬಿಟ್ಟರೆ ಅದನ್ನು ಮತ್ತೆ ಕಟ್ಟಿಹಾಕುವುದು ಕಷ್ಟ ಎಂದು ಆ ವಾದ ತೋರಿಸುತ್ತದೆ.

ಕೆಲವು ಕೃತಿಗಳಿಗೆ ಅದನ್ನು ಕಟ್ಟಿಹಾಕುವ ಉದ್ದೇಶವೇ ಇರುವುದಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಪತ್ತೇದಾರಿ ಕಥೆಯಲ್ಲ. ಆದರೂ ಕಾಫಿ ಹೌಸಿನಲ್ಲಿ ಕೂತ ಅದರ ನಿರೂಪಕ ಮನೆಯ ಕಥೆ ಹೇಳುತ್ತ ಹೇಳುತ್ತ, ಊರಿಗೆ ಹೋದ ಹೆಂಡತಿ ಇನ್ನೂ ಬಂದಿಲ್ಲ ಎಂಬಲ್ಲಿಗೆ ಬಂದಾಗ, ಹಿಂದಿನ ಪುಟಗಳಲ್ಲಿ ತಮಾಷೆಯಾಗಿ ಬಂದು ಹೋದ ಮಾತುಗಳು ಬೇರೆ ದನಿಯಲ್ಲಿ ಕೇಳತೊಡಗುತ್ತವೆ. ಅಲ್ಲಿ ಪೊವಾರೊ ಇಲ್ಲ. ಹೀಗೆಯೇ ಆಯಿತು ಎಂದು ಹೇಳುವವರೂ ಇಲ್ಲ. ಓದುಗರು ಮರಳಿ ಓದಬಹುದು, ತೀರ್ಪು ಕೊಡಲಾಗದು.

ಆಕ್ರಾಯ್ಡ್ ಪ್ರಕರಣದಲ್ಲಿ ಕ್ರಿಸ್ಟಿ ತೀರ್ಪಿಗೆ ಆಧಾರಗಳನ್ನು ಉಳಿಸಿದ್ದಾರೆ. ಶೆಪರ್ಡ್‌ನ ಮಾತನ್ನೆಲ್ಲ ಲೆಕ್ಕದಿಂದ ಕಳೆದು ಏನು ಉಳಿಯುತ್ತದೆ ಎಂದು ನೋಡುವುದೇ ಪೊವಾರೊನ ಪದ್ಧತಿ. 10.15ರ ಫೋನ್ ಸ್ಟೇಷನ್ನಿನಿಂದ ಬಂತೆಂಬುದು ಟೆಲಿಫೋನ್ ವಿನಿಮಯ ಕೇಂದ್ರದಿಂದ ತಿಳಿದದ್ದು. ಫೋನ್ ಮಾಡಿದವನು ಅಮೆರಿಕದ ದಾರಿಯಲ್ಲಿದ್ದ ಹಡಗಿನಿಂದಲೇ ತಂತಿ ಕಳಿಸಿ ಉತ್ತರ ಕೊಟ್ಟಿದ್ದಾನೆ. ಕುರ್ಚಿ ಮೊದಲು ಮುಂದಕ್ಕಿತ್ತು, ಆಮೇಲೆ ಹಿಂದಕ್ಕಿತ್ತು ಎಂದವನು ಪಾರ್ಕರ್. ಆಕ್ರಾಯ್ಡ್ ಡಿಕ್ಟಫೋನ್ ಕೊಂಡದ್ದು ಹೊರಗಿನವರಿಂದ ಖಾತರಿಯಾದದ್ದು. ಗೇಟಿನವರೆಗಿನ ದಾರಿಗೆ ಐದು ನಿಮಿಷ ಬೇಕೆಂಬುದನ್ನು ಯಾರು ನಡೆದರೂ ತಿಳಿಯಬಹುದು. ಇವು ಯಾವುವೂ ಡಾಕ್ಟರನ ಸತ್ಯಸಂಧತೆಯನ್ನು ಆಶ್ರಯಿಸಿಲ್ಲ. ತಪ್ಪೊಪ್ಪಿಗೆ ಇವುಗಳಿಗೆ ಹೊಂದುವುದರಿಂದಲೇ ನಾವು ಅದನ್ನು ಒಪ್ಪುತ್ತೇವೆ.

ಬಯಾರ್ ಬಿಡುವುದಿಲ್ಲ: ಪಾರ್ಕರ್ ಹೇಳಿದ್ದನ್ನು, ತಂತಿಯ ಸುದ್ದಿಯನ್ನು, ಪೊವಾರೊನ ಮಾತನ್ನು ಸಹ ನಮಗೆ ಬರೆದು ತಲುಪಿಸಿದವನು ಶೆಪರ್ಡ್ ಅಲ್ಲವೇ ಎಂದು ಕೇಳಬಹುದು. ನಿಜ. ಆ ದಾರಿಯಲ್ಲಿ ಹೋದರೆ ಪುಸ್ತಕದಲ್ಲಿ ಕೊಲೆಯೂ ಉಳಿಯುವುದಿಲ್ಲ, ಹಳ್ಳಿಯೂ ಉಳಿಯುವುದಿಲ್ಲ. ಎಲ್ಲಿ ನಿಲ್ಲಬೇಕೆಂಬುದಕ್ಕೆ ಒಂದು ಸರಳ ಅಳತೆ ಇದೆ. ಸುಳ್ಳು ಹೇಳಿದರೆ ಶೆಪರ್ಡ್‌ಗೆ ಯಾವುದರಿಂದ ಲಾಭವಿತ್ತೋ ಅದನ್ನು ಅನುಮಾನಿಸಬೇಕು. ಅವನನ್ನೇ ಸಿಕ್ಕಿಸುವ ಮಾತನ್ನು, 8.40, 8.50, ಚರ್ಚಿನ ಗಂಟೆ, ಬಿಚ್ಚಿಟ್ಟ ಅಲಾರಂ ಗಡಿಯಾರ ಇಂಥವನ್ನು, ನಂಬಬಹುದು. ನಂಬಲಾಗದ ನಿರೂಪಕನ ಕಥೆಯನ್ನು ಎರಡನೆಯ ಸಲ ಓದುವವರು ಮಾಡುವ ಕೆಲಸ ಇದು: ಅವನಿಗೆ ಅನುಕೂಲವಾದ ಮಾತನ್ನೂ ಪ್ರತಿಕೂಲವಾದ ಮಾತನ್ನೂ ಬೇರೆ ಬೇರೆ ಇಟ್ಟು ತೂಗುವುದು. ಮೊದಲ ಓದಿನಲ್ಲಿ ಆ ತಕ್ಕಡಿ ಬೇಕೆಂದೇ ನಮಗೆ ಅನಿಸಿರಲಿಲ್ಲ.